ಸ್ಪ್ರಾಕೆಟ್ ಬದಲಿಸಿದ ಮೇಲೆ ಮೀಟರ್ ಕಡಿಮೆ ತೋರಿಸುತ್ತಿದೆ

"ಮುಂದಿನ ಸ್ಪ್ರಾಕೆಟ್ 14 ಹಲ್ಲಿಂದ 15ಕ್ಕೆ ಬದಲಿಸಿದೆ. ಮೊದಲು ಮೀಟರ್ 60 ಅಂದಾಗ ಜಿಪಿಎಸ್ 58 ಇತ್ತು, ಈಗ 62. ಸೆನ್ಸರ್ ಕೆಟ್ಟಿದೆಯಾ?"

ಕೆಟ್ಟಿಲ್ಲ, ಸುಮ್ನೆ ಹೊಸದು ಹಾಕಿಸಬೇಡಿ. ನಿಮ್ಮ ಬೈಕಿನ ಸೆನ್ಸರ್ ಚಕ್ರದಲ್ಲಿಲ್ಲ, ಗೇರ್‌ಬಾಕ್ಸಿನಲ್ಲಿದೆ. ಅದು ಒಳಗಿನ ಶಾಫ್ಟ್ ಸುತ್ತುವುದನ್ನಷ್ಟೇ ಎಣಿಸುತ್ತದೆ, ಆದರೆ 15 ಹಲ್ಲು ಹಾಕಿದ ಮೇಲೆ ಅಷ್ಟೇ ಸುತ್ತಿಗೆ ಹಿಂದಿನ ಚಕ್ರ ಸುಮಾರು 7% ಜಾಸ್ತಿ ತಿರುಗುತ್ತದೆ. 58 × 15 ÷ 14 = ಸುಮಾರು 62, ಲೆಕ್ಕ ಸರಿಯಾಗೇ ಇದೆ ಅಲ್ವಾ? ಮುಂದಿನ ಚಕ್ರದಿಂದ ಮೀಟರಿಗೆ ಕೇಬಲ್ ಹೋಗುವ ಹಳೇ ಬೈಕಾಗಿದ್ದರೆ ಸ್ಪ್ರಾಕೆಟ್‌ನಿಂದ ಏನೂ ಆಗುತ್ತಿರಲಿಲ್ಲ, ಅಲ್ಲಿ ಮುಂದಿನ ಟೈರ್ ಸೈಜ್ ಬದಲಾದರೆ ಮಾತ್ರ ತಪ್ಪು. ಓಡೋಮೀಟರೂ ಈಗ ಕಡಿಮೆ ಎಣಿಸುತ್ತದೆ, ಮೈಲೇಜ್ ಇಳಿದಿದೆ ಅಂತ ಗಾಬರಿಯಾಗಬೇಡಿ. ಸರಿ ಮಾಡಲು ಸೆನ್ಸರ್ ವೈರಿನ ನಡುವೆ ಕೂರಿಸುವ ಕ್ಯಾಲಿಬ್ರೇಟರ್ ಸಿಗುತ್ತದೆ. ನಾನಾದರೆ 14ಕ್ಕೇ ವಾಪಸ್ ಹೋಗುತ್ತೇನೆ.