ನಮೂನೆ 6: ಯಾವ ಅಂಕಣದಲ್ಲಿ ಏನು ಬರೆಯಬೇಕು?

"ಮತದಾರರ ಪಟ್ಟಿಗೆ ಮಗಳನ್ನು ಸೇರಿಸುವ ನಮೂನೆ 6ರ ಫೋಟೊ ಹಾಕಿದ್ದೇನೆ. ಮೇಘನಾ ಆರ್., ತಂದೆ ರಮೇಶ್, ಜನನ 4-7-2007, ಮೈಸೂರು. ಜೂನ್ 2024ರಿಂದ ತುಮಕೂರಿನಲ್ಲಿದ್ದೇವೆ. ಹೇಗೆ ತುಂಬುವುದು?"

ಹೆಸರು ಬರೆಯುವಾಗಿನ ತೊಡಕಿಗೆ ಕಾರಣ, ಹೆಸರು ಮತ್ತು ಅಡ್ಡಹೆಸರಿಗೆ ಬೇರೆ ಬೇರೆ ಅಂಕಣಗಳಿದ್ದು, ನಮ್ಮ ಇನಿಷಿಯಲ್ ಎರಡಕ್ಕೂ ಸರಿಹೊಂದದಿರುವುದು. ಆಧಾರ್‌ನಲ್ಲಿ "ಮೇಘನಾ ಆರ್." ಎಂದಿದ್ದರೆ ಹೆಸರಿನ ಅಂಕಣದಲ್ಲಿ ಹಾಗೆಯೇ, ಕನ್ನಡದಲ್ಲಿಯೂ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿಯೂ ಬರೆದು ಅಡ್ಡಹೆಸರನ್ನು ಖಾಲಿ ಬಿಡುವುದು ಸೂಕ್ತವೆಂದು ನನ್ನ ಅಭಿಪ್ರಾಯ, ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಅವರನ್ನು ಒಮ್ಮೆ ಕೇಳಿ. ಸಂಬಂಧಿಯ ಅಂಕಣದಲ್ಲಿ ರಮೇಶ್ ಎಂದು ಬರೆದು "ತಂದೆ" ಎಂಬುದನ್ನು ಗುರುತಿಸಿ.

ಜನ್ಮದಿನಾಂಕವನ್ನು 04/07/2007, ಅಂದರೆ ಜುಲೈ 4 ಎಂದು ಓದಿಕೊಂಡಿದ್ದೇನೆ. ಏಪ್ರಿಲ್ 7 ಆಗಿದ್ದರೆ ತಿದ್ದಿಕೊಳ್ಳಿ. ವಿಳಾಸ ತುಮಕೂರಿನದು, ಆದರೆ ಕೊನೆಯ ಘೋಷಣೆಯಲ್ಲಿ ಕೇಳುವುದು ಹುಟ್ಟಿದ ಊರನ್ನಾದ್ದರಿಂದ ಅಲ್ಲಿ ಮೈಸೂರು ಬರಬೇಕು. ವಾಸದ ಆರಂಭಕ್ಕೆ 06/2024 ಸಾಕು.

ನೀವು ಹೇಳದ ಒಂದು ವಿಷಯ ಮುಖ್ಯವಾದುದು. ಒಟ್ಟಿಗೆ ವಾಸಿಸುವ, ಪಟ್ಟಿಯಲ್ಲಿ ಈಗಾಗಲೇ ಇರುವ ಕುಟುಂಬದವರ ಎಪಿಕ್ ಸಂಖ್ಯೆಯನ್ನು, ಅಂದರೆ ಮತದಾರರ ಗುರುತಿನ ಚೀಟಿಯ ಸಂಖ್ಯೆಯನ್ನು, ನಮೂನೆ ಕೇಳುತ್ತದೆ. ನಿಮ್ಮ ಹೆಸರು ಇನ್ನೂ ಮೈಸೂರಿನ ಪಟ್ಟಿಯಲ್ಲಿಯೇ ಇದ್ದರೆ ಮಗಳ ವಿಳಾಸಕ್ಕೂ ಅದಕ್ಕೂ ತಾಳೆಯಾಗದು; ನೀವು ಸ್ಥಳಾಂತರಕ್ಕಾಗಿ ನಮೂನೆ 8 ಸಲ್ಲಿಸಬೇಕು. ಮಗಳ ಹೆಸರು ಬೇರೆಲ್ಲೂ ನೋಂದಣಿಯಾಗಿಲ್ಲವೆಂದು ಖಚಿತವಾದ ಮೇಲೆ ಆಕೆಯೇ ಸಹಿ ಮಾಡಲಿ.