ಮರುಕಳಿಸುವ ಸೈಕೋಸಿಸ್ ಇರುವವರೊಂದಿಗೆ ಮುಂಗಡ ನಿರ್ದೇಶನ ಬರೆಯುವುದು ಹೇಗೆ?

ಪ್ರಶ್ನೆ: ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತನಾಗಿ ಹೊಸದಾಗಿ ಸೇರಿದ್ದೇನೆ. ಮತ್ತೆ ಮತ್ತೆ ಸೈಕೋಸಿಸ್ ಬರುವ ಒಬ್ಬರಿಗೆ ಮುಂಗಡ ನಿರ್ದೇಶನ ಬರೆಸಬೇಕಾಗಿದೆ. ಮಾತ್ರೆ ಬಿಟ್ಟ ಕೂಡಲೇ ದಾಖಲು ಮಾಡಬೇಕು, ಆಗ ಅವರು ಬೇಡವೆಂದರೂ ಕೇಳಬಾರದು ಎಂದು ಬರೆಸಿ ಅಂತ ಮನೆಯವರು ಹೇಳುತ್ತಿದ್ದಾರೆ. ಹಾಗೆ ಬರೆದರೆ ನಡೆಯುತ್ತದೆಯೇ? ಒಳ್ಳೆಯ ನಮೂನೆ ಇದ್ದರೆ ಕೊಡಿ.

ಉತ್ತರ:

ನಡೆಯುವುದಿಲ್ಲ. ನಡೆಯಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಾಮರ್ಥ್ಯ ಆ ವ್ಯಕ್ತಿಯಲ್ಲಿ ಇಲ್ಲವಾದಾಗ ಮಾತ್ರ, ಹೇಗೆ ಚಿಕಿತ್ಸೆ ಬೇಕು, ಹೇಗೆ ಬೇಡ ಎಂದು ಅವರು ಮೊದಲೇ ಬರೆದಿಟ್ಟ ಈ ಕಾಗದ ಜಾರಿಗೆ ಬರುತ್ತದೆ. ಸಾಮರ್ಥ್ಯವಿರುವಾಗ ಅವರು ಬಾಯಲ್ಲಿ ಹೇಳಿದ ಮಾತು ಹಿಂದೆ ಬರೆದಿಟ್ಟದ್ದನ್ನು ಮೀರುತ್ತದೆ. ಮಾತ್ರೆ ಬಿಟ್ಟ ಮೊದಲ ವಾರದಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುತ್ತಾರೆ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುತ್ತಾರೆ, ಮಾತ್ರೆ ಬಿಟ್ಟರೆ ಏನಾಗಬಹುದು ಎಂದು ಕೇಳಿದರೆ ಸರಿಯಾಗಿಯೇ ಉತ್ತರಿಸುತ್ತಾರೆ. ನಿರ್ಧಾರ ಬೇರೆಯವರ ಕಣ್ಣಿಗೆ ತಪ್ಪಾಗಿ ಕಂಡಿತು ಎಂಬ ಒಂದೇ ಕಾರಣಕ್ಕೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ ಎಂದು 4ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಮನೆಯವರಿಗೆ ಭಯವಿರುವುದು ಈ ನಡುವಿನ ದಿನಗಳ ಬಗ್ಗೆ, ಆ ದಿನಗಳಲ್ಲಿ ಮುಂಗಡ ನಿರ್ದೇಶನಕ್ಕೆ ಕೆಲಸವೇ ಇಲ್ಲ. ಇದನ್ನು ಮೊದಲ ಭೇಟಿಯಲ್ಲೇ ಅವರಿಗೆ ಬಿಡಿಸಿ ಹೇಳಿ.

ನೀವು ಕೇಳಿದ್ದನ್ನೇ ನಾನೂ ನನ್ನ ಹಿರಿಯರನ್ನು ಕೇಳಿದ್ದೆ. ಆಗ ನನ್ನ ಮುಂದಿದ್ದವರು ಮೂವತ್ತರ ಆಸುಪಾಸಿನ, ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದ ಮಹಿಳೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆ ಮರುಕಳಿಸಿದಾಗಲೆಲ್ಲ ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ ಎಂದು ಕಿಟಕಿಗಳಿಗೆ ಬಟ್ಟೆ ತುರುಕುತ್ತಿದ್ದರು, ಅನ್ನದಲ್ಲಿ ಏನೋ ಬೆರೆಸಿದ್ದಾರೆಂದು ಊಟ ಬಿಡುತ್ತಿದ್ದರು. ಚೆನ್ನಾಗಿದ್ದ ಒಂದು ಮಧ್ಯಾಹ್ನ ನಾವಿಬ್ಬರೂ ಕುಳಿತು ಮುಂಗಡ ನಿರ್ದೇಶನಕ್ಕೆಂದು ಸರ್ಕಾರಿ ನಿಯಮಗಳಲ್ಲಿರುವ ಸಿಆರ್-ಎ ನಮೂನೆಯನ್ನು ತುಂಬಿಸಿದೆವು. ಹೇಗೆ ಚಿಕಿತ್ಸೆ ಬೇಕು ಎಂಬಲ್ಲಿ ಅವರು ಹೆಚ್ಚೇನೂ ಹೇಳಲಿಲ್ಲ. ಹೇಗೆ ಬೇಡ ಎಂಬಲ್ಲಿಗೆ ಬಂದಾಗ ಅವರ ದನಿ ಗಟ್ಟಿಯಾಯಿತು: "ನನಗೆ ಯಾವ ಇಂಜೆಕ್ಷನ್ನೂ ಬೇಡ ಮೇಡಂ. ಬರ್ಕೊಳ್ಳಿ." ನಾನು ಹಾಗೆಯೇ ಬರೆದುಕೊಂಡೆ.

ಆ ಒಂದು ಸಾಲಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಅದರ ಬೆಲೆ ತೆತ್ತವರು ಅವರು. ರೋಗಿಯ ಮಾತನ್ನು ಅಕ್ಷರಶಃ ಬರೆದುಕೊಂಡರೆ ಅದನ್ನು ಗೌರವಿಸಿದಂತೆ ಎಂದು ನಾನು ಆಗ ನಂಬಿದ್ದೆ. ಯಾವ ಇಂಜೆಕ್ಷನ್, ಎಂದು ಕೊಟ್ಟರು, ಕೊಟ್ಟ ಮೇಲೆ ಏನಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಹಿಂದಿನ ದಾಖಲಾತಿಯ ಕಥೆ ಅಂದೇ ಹೊರಬರುತ್ತಿತ್ತು. ರಾತ್ರಿ ಹ್ಯಾಲೊಪೆರಿಡಾಲ್ ಚುಚ್ಚಿದ್ದರು; ಕೆಲವು ಗಂಟೆಗಳ ನಂತರ ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿಕೊಂಡು, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡು, ನಾಲಿಗೆ ಹೊರಳದಂತಾಗಿತ್ತು. ಇದಕ್ಕೆ ಅಕ್ಯೂಟ್ ಡಿಸ್ಟೋನಿಯಾ ಎನ್ನುತ್ತಾರೆ. ಪ್ರೊಮೆಥಜೀನ್‌ನಂಥ ಔಷಧ ಕೊಟ್ಟರೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ಮೊದಲೇ ಜೊತೆಗೆ ಕೊಟ್ಟರೆ ಬರುವ ಸಾಧ್ಯತೆಯೂ ಬಹಳ ಕಡಿಮೆ. ಅವರಿಗೆ ಇದನ್ನು ಯಾರೂ ವಿವರಿಸಿರಲಿಲ್ಲ. ವಿಷ ಹಾಕುತ್ತಾರೆ ಎಂಬ ಅನುಮಾನ ಮೊದಲೇ ಇದ್ದವರಿಗೆ ಆ ರಾತ್ರಿ ಸಾಕ್ಷಿಯೇ ಸಿಕ್ಕಂತಾಗಿತ್ತು. ನಮೂನೆಯಲ್ಲಿ ಅಲರ್ಜಿ ಮತ್ತು ಗೊತ್ತಿರುವ ಅಡ್ಡಪರಿಣಾಮಗಳಿಗೆಂದು ಇರುವ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ.

ಮುಂದೆ ಕಾಯಿಲೆ ಮತ್ತೆ ಬಂತು. ನೀರನ್ನೂ ಕುಡಿಯದೆ, ಕೈಗೆ ಸಿಕ್ಕ ಕತ್ತರಿ ಹಿಡಿದು ಬಾಗಿಲ ಹಿಂದೆ ನಿಂತಿದ್ದವರನ್ನು ಅಣ್ಣ ರಾತ್ರಿಯೇ ಕ್ಯಾಶುಯಲ್ಟಿಗೆ ಕರೆತಂದರು. ಡ್ಯೂಟಿ ಡಾಕ್ಟರು ಕಾಗದವನ್ನು ಓದಿದರು. ಅವರು ಓದಿದ್ದು ನನಗೆ ಇಂದಿಗೂ ಸಮಾಧಾನದ ವಿಷಯ. ಆದರೆ ಅದರಲ್ಲಿ "ಬೇಡ" ಎಂಬುದನ್ನು ಬಿಟ್ಟರೆ ಅವರಿಗೆ ಬೇಕಾದದ್ದು ಏನೂ ಇರಲಿಲ್ಲ. ಆಕೆ ಮಾತ್ರೆಯನ್ನು ಉಗಿಯುತ್ತಿದ್ದರು, ಜೀವಕ್ಕೆ ಅಪಾಯವಿತ್ತು. ತುರ್ತು ಚಿಕಿತ್ಸೆಗೆ ಮುಂಗಡ ನಿರ್ದೇಶನ ಅನ್ವಯಿಸುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ, ಆ ತುರ್ತಿನ ಅವಧಿ 72 ಗಂಟೆಗಳವರೆಗೆ ಇರಬಹುದು. ಹಾಗಾಗಿ ಡಾಕ್ಟರು ಕೈಗೆ ಸಿಕ್ಕುವ ಔಷಧವನ್ನು, ಅಂದರೆ ಹ್ಯಾಲೊಪೆರಿಡಾಲನ್ನೇ ಒಂಟಿಯಾಗಿ ಕೊಟ್ಟರು. ಕುತ್ತಿಗೆ ಮತ್ತೆ ತಿರುಚಿತು. ಚೇತರಿಸಿಕೊಂಡ ಮೇಲೆ ಆಕೆ ತನ್ನ ಬಳಿಯಿದ್ದ ಪ್ರತಿಯನ್ನು ನನ್ನ ಮೇಜಿನ ಮೇಲೆ ಹರಿದು ಹಾಕಿದರು. ವೈದ್ಯರು ಕಾನೂನನ್ನು ಮೀರಿರಲಿಲ್ಲ. ಒಂದೇ ಒಂದು ಔಷಧದ ಹೆಸರನ್ನು ನಾನು ಬರೆದಿದ್ದರೆ ಅವರು ಬೇರೆಯದನ್ನು ಕೊಡುತ್ತಿದ್ದರು, ಅಥವಾ ಪ್ರೊಮೆಥಜೀನ್ ಸೇರಿಸುತ್ತಿದ್ದರು. ಎಲ್ಲವನ್ನೂ ನಿರಾಕರಿಸುವ ಸಾಲು ತುರ್ತಿನ ರಾತ್ರಿಯಲ್ಲಿ ಯಾವುದನ್ನೂ ತಡೆಯುವುದಿಲ್ಲ. ಕಾರಣಸಹಿತವಾಗಿ ಒಂದನ್ನು ನಿರಾಕರಿಸಿ ಇನ್ನೊಂದನ್ನು ಸೂಚಿಸುವ ಸಾಲನ್ನು ಕಾನೂನಿನ ಒತ್ತಾಯವಿಲ್ಲದಿದ್ದರೂ ವೈದ್ಯರು ಪಾಲಿಸುತ್ತಾರೆ, ಏಕೆಂದರೆ ಅದು ಅವರಿಗೆ ಬೇಕಾದ ಮಾಹಿತಿ.

ಅವರು ಮತ್ತೆ ಬರೆಯಲು ಒಪ್ಪುವುದಕ್ಕೆ ಬಹಳ ಕಾಲ ಹಿಡಿಯಿತು. ಈ ಸಲ ಹಳೆಯ ಡಿಸ್ಚಾರ್ಜ್ ಸಾರಾಂಶಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಚಿಕಿತ್ಸೆ ನೀಡುತ್ತಿದ್ದ ಮನೋವೈದ್ಯರನ್ನೂ ಕೂರಿಸಿಕೊಂಡೆವು. ಕೊನೆಗೆ ಉಳಿದ ಸಾಲುಗಳು ಹೀಗಿದ್ದವು: "ನಾನು ಉದ್ವೇಗದಲ್ಲಿದ್ದಾಗ ಮೊದಲು ಬಾಯಲ್ಲಿ ಕರಗುವ ಓಲಾಂಜಪೈನ್ ಮಾತ್ರೆಯನ್ನು ನನ್ನ ಕಣ್ಣೆದುರಿಗೆ ಪೊಟ್ಟಣದಿಂದ ತೆಗೆದು ಕೊಡಿ. ಒಪ್ಪದಿದ್ದರೆ, ಇಂಜೆಕ್ಷನ್ ಅನಿವಾರ್ಯವಾದರೆ, ಲೋರಾಜೆಪಾಮ್ ಕೊಡಬಹುದು. ಹ್ಯಾಲೊಪೆರಿಡಾಲ್ ಒಂದನ್ನೇ ಕೊಡಬೇಡಿ, ಅದರಿಂದ ನನ್ನ ಕುತ್ತಿಗೆ ಎರಡು ಬಾರಿ ತಿರುಚಿಕೊಂಡಿದೆ. ಕೊಡಲೇಬೇಕಾದರೆ ಪ್ರೊಮೆಥಜೀನ್ ಜೊತೆಗೆ ಕೊಡಿ. ಹಿಡಿದುಕೊಳ್ಳಬೇಕಾಗಿ ಬಂದರೆ ಹೆಂಗಸರು ಹಿಡಿಯಲಿ." ಪೊಟ್ಟಣದ ಮಾತು ಸಂಪೂರ್ಣವಾಗಿ ಅವರದು, ವಿಷದ ಅನುಮಾನ ಇರುವಾಗ ಬಿಡಿ ಮಾತ್ರೆಯನ್ನು ಅವರು ನುಂಗುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಡೋಸ್ ಎಷ್ಟೆಂದು ನಾವು ಬರೆಯಲಿಲ್ಲ, ಅದು ಆ ಹೊತ್ತಿನ ವೈದ್ಯರಿಗೆ ಬಿಟ್ಟದ್ದು. ಮನೋವೈದ್ಯರು ಜೊತೆಗಿರಲೇಬೇಕು ಎನ್ನುವುದಕ್ಕೂ ಕಾರಣವಿದೆ. ಉದಾಹರಣೆಗೆ ಓಲಾಂಜಪೈನ್ ಮತ್ತು ಲೋರಾಜೆಪಾಮ್ ಎರಡನ್ನೂ ಇಂಜೆಕ್ಷನ್ ರೂಪದಲ್ಲಿ ಒಟ್ಟಿಗೆ ಕೊಡುವುದು ಉಸಿರಾಟಕ್ಕೆ ಅಪಾಯಕಾರಿ. ನಾನೊಬ್ಬಳೇ ಬರೆಸಿದ್ದರೆ ಅದನ್ನೇ ಬರೆಸಿಬಿಡುವ ಸಂಭವವಿತ್ತು.

ಇಸಿಟಿ, ಅಂದರೆ ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆಯ ವಿಷಯದಲ್ಲಿ ಲೆಕ್ಕ ಬೇರೆ. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಇಸಿಟಿ ಕೊಡುವುದನ್ನು ಕಾಯ್ದೆಯೇ ನಿಷೇಧಿಸಿರುವುದರಿಂದ ಅಲ್ಲಿ ರೋಗಿಯ ಬರಹಕ್ಕೆ ನಿಜವಾದ ತೂಕವಿದೆ. ನಮ್ಮವರು "ಕರೆಂಟ್ ಬೇಡ" ಎಂದಾಗ ಅರಿವಳಿಕೆ ಕೊಟ್ಟು ಮಾಡುವ ಈಗಿನ ವಿಧಾನವನ್ನು ಮನೋವೈದ್ಯರು ವಿವರಿಸಿದರು; ಕೇಳಿಸಿಕೊಂಡ ಮೇಲೂ ಅವರು ಬೇಡವೆಂದರು, ಬೇಡವೆಂದೇ ಬರೆದೆವು. ಹೀಗೆ ತಿಳಿಸಿ ಹೇಳಿದ್ದನ್ನು ಕೇಸ್ ಫೈಲಿನಲ್ಲಿ ದಿನಾಂಕ ಸಹಿತ ನಮೂದಿಸಿ. ಮುಂದೆ ವೈದ್ಯರೋ ಸಂಬಂಧಿಕರೋ ಈ ನಿರ್ದೇಶನವನ್ನು ಬದಲಿಸಬೇಕೆಂದು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಹೋದರೆ, ಬರೆಯುವಾಗ ಸಾಮರ್ಥ್ಯವಿತ್ತೇ, ಸಾಕಷ್ಟು ಮಾಹಿತಿ ಇತ್ತೇ, ಯಾರದಾದರೂ ಒತ್ತಡವಿತ್ತೇ ಎಂದು ಮಂಡಳಿ ನೋಡುತ್ತದೆ. ಮನೆಯವರು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟು ಬರೆಸಿದ ಕಾಗದ ಬಿದ್ದುಹೋಗುವುದು ಇಲ್ಲಿಯೇ. ಆದ್ದರಿಂದ ಮೊದಲ ಮಾತುಕತೆಯಲ್ಲಿ ಅವರನ್ನು ಹೊರಗೆ ಕೂರಿಸಿ, ಡಿಸ್ಚಾರ್ಜ್ ಆದ ವಾರದಲ್ಲಂತೂ ಬರೆಸಲೇಬೇಡಿ. ಮನೆಗೆ ಹೋಗಲು ಏನು ಹೇಳಿದರೂ ಸಹಿ ಹಾಕುವ ಸಮಯ ಅದು.

ನಿಮ್ಮ ರೋಗಿಯ ಮನೆಯವರ ಆತಂಕಕ್ಕೆ ಉತ್ತರ ನಾಮನಿರ್ದೇಶಿತ ಪ್ರತಿನಿಧಿಯ ಜಾಗದಲ್ಲಿದೆ. ಸಾಮರ್ಥ್ಯ ತಪ್ಪಿದಾಗ 89ನೇ ಸೆಕ್ಷನ್ ಅಡಿಯಲ್ಲಿ, 30 ದಿನಗಳವರೆಗಿನ ದಾಖಲಾತಿಗೆ ಅರ್ಜಿ ಕೊಡುವವರು ಆ ಪ್ರತಿನಿಧಿಯೇ. ಹಾಗಾಗಿ ಯಾರ ಹೆಸರು, ಯಾವ ಕ್ರಮದಲ್ಲಿ ಎಂಬುದಕ್ಕೆ ಒಂದು ಇಡೀ ಭೇಟಿಯನ್ನು ಮೀಸಲಿಡಿ. ನಮ್ಮವರು ಅಣ್ಣನನ್ನು ಎರಡನೆಯವರನ್ನಾಗಿ ಮಾಡಿ, ದೊಡ್ಡಮ್ಮನ ಮಗಳನ್ನು ಮೊದಲು ಬರೆಸಿದರು: "ಅಣ್ಣ ಹೆದರ್ತಾನೆ, ಹೆದರಿದ್ರೆ ಕೈ ಕಟ್ಟಿಸ್ತಾನೆ. ಅಕ್ಕ ಕೂತ್ಕೊಂಡು ಮಾತಾಡ್ತಾಳೆ." ಅಣ್ಣನಿಗೆ ನೋವಾಯಿತು, ಆದರೆ ಕಾರಣವನ್ನು ತಂಗಿಯ ಬಾಯಿಂದಲೇ ಕೇಳಿದ್ದರಿಂದ ಮುಂದೆ ಆಸ್ಪತ್ರೆಯ ಬಾಗಿಲಲ್ಲಿ ಜಗಳವಾಗಲಿಲ್ಲ. ಪ್ರತಿಗಳು ಮೂಲ ಫೈಲಿನಲ್ಲಿಯೂ ಆ ಅಕ್ಕನ ಫೋನಿನಲ್ಲಿಯೂ ಇರಬೇಕು; ಬೇಕಾದಾಗ ಕಾಗದವನ್ನು ವೈದ್ಯರ ಕೈಗೆ ತಲುಪಿಸುವ ಹೊಣೆಯನ್ನು ಕಾಯ್ದೆಯು ನಿರ್ದೇಶನ ಬರೆದವರ ಮತ್ತು ಪ್ರತಿನಿಧಿಯ ಮೇಲೆ ಹಾಕಿದೆ, ಪ್ರತಿ ಸಿಗದೆ ಪಾಲಿಸದ ವೈದ್ಯರು ಹೊಣೆಗಾರರಲ್ಲ. ಮಂಡಳಿಯಲ್ಲಿ ನೋಂದಾಯಿಸಿ, ಆದರೆ ರಾತ್ರಿ ಹನ್ನೆರಡಕ್ಕೆ ಯಾರಾದರೂ ಆ ನೋಂದಣಿಯನ್ನು ತೆರೆದು ನೋಡುತ್ತಾರೆ ಎಂದು ನಂಬಿ ಕೂರಬೇಡಿ.

ಇನ್ನು ಮಾತ್ರೆ ಬಿಟ್ಟ ಆ ನಡುವಿನ ದಿನಗಳು. ಅವಕ್ಕೆ ನಾವು ಬೇರೆಯದೇ ಹಾಳೆಯಲ್ಲಿ, ಕಾನೂನಿನ ಬಲವಿಲ್ಲ ಎಂದು ಮೇಲೆಯೇ ಬರೆದು, ಒಂದು ಒಪ್ಪಂದ ಮಾಡಿಕೊಂಡೆವು. ಎರಡು ರಾತ್ರಿ ನಿದ್ದೆ ಬಿಟ್ಟರೆ ಅಥವಾ ಹಗಲಲ್ಲಿ ಕಿಟಕಿ ಮುಚ್ಚಿದರೆ ಅಕ್ಕ ಬಂದು ಕೇಳಬಹುದು, ಆಸ್ಪತ್ರೆಗೆ ಹೋಗೋಣವೇ ಎಂದು ಕರೆಯಬಹುದು, ಅಣ್ಣ ಮಾತ್ರೆಯ ಮಾತೆತ್ತಬಾರದು. ಒಮ್ಮೆ ಆಕೆ ಅಕ್ಕನ ಜೊತೆ ತಾವಾಗಿಯೇ ಹೊರರೋಗಿ ವಿಭಾಗಕ್ಕೆ ಬಂದರು. ಇನ್ನೊಮ್ಮೆ ಬರಲಿಲ್ಲ, ಕೆಲವು ದಿನಗಳ ನಂತರ ಕ್ಯಾಶುಯಲ್ಟಿಗೇ ಬರಬೇಕಾಯಿತು. ಪೊಟ್ಟಣದಿಂದ ತೆಗೆದ ಮಾತ್ರೆಯನ್ನು ಅಂದೂ ಉಗಿದರು. ಲೋರಾಜೆಪಾಮ್ ಇಂಜೆಕ್ಷನ್ ಕೊಟ್ಟರು, ಕುತ್ತಿಗೆ ತಿರುಚಲಿಲ್ಲ.

ನಮೂನೆಯ ಮಾತು. ಸಿಆರ್-ಎ ಖಾಲಿ ಪ್ರತಿಯನ್ನು ಬಿಟ್ಟು ಬೇರೆ ಯಾವುದನ್ನೂ ಕೊಡಲು ನನಗೆ ಇಷ್ಟವಿಲ್ಲ, ತುಂಬಿದ ನಮೂನೆ ಕೈಗೆ ಸಿಕ್ಕರೆ ನೀವು ಅದನ್ನೇ ನಕಲು ಮಾಡಿಸುತ್ತೀರಿ. ನಿಮ್ಮ ರೋಗಿಯ ಹಳೆಯ ಫೈಲನ್ನು ತೆರೆಯಿರಿ, ಪ್ರತಿ ದಾಖಲಾತಿಯ ಮೊದಲ ರಾತ್ರಿ ಏನು ಕೊಟ್ಟರು ಎಂದು ಪಟ್ಟಿ ಮಾಡಿ, ಒಂದೊಂದಾಗಿ ಕೇಳಿ: ಇದನ್ನು ಕೊಟ್ಟ ಮೇಲೆ ನಿಮಗೆ ಹೇಗಾಯಿತು? ಅಡ್ಡಪರಿಣಾಮದ ಜಾಗದಿಂದ ಬರೆಯಲು ಶುರುಮಾಡಿ, ಬೇಕು ಮತ್ತು ಬೇಡಗಳನ್ನು ಆಮೇಲೆ ತುಂಬಿಸಿ. ಇಬ್ಬರು ಸಾಕ್ಷಿಗಳು ಸಹಿ ಹಾಕುವ ದಿನವೇ ಮನೋವೈದ್ಯರಿಂದ ಸಾಮರ್ಥ್ಯದ ಬಗ್ಗೆ ಒಂದು ಟಿಪ್ಪಣಿ ಬರೆಸಿಕೊಳ್ಳಿ. ಪ್ರತಿ ದಾಖಲಾತಿಯ ನಂತರ ಚೇತರಿಸಿಕೊಂಡಾಗ ಮತ್ತೆ ತೆರೆದು ಓದಿಸಿ, ಬದಲಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮವರು ಕಳೆದ ಸಲ ಕರಗುವ ಮಾತ್ರೆಯ ಸಾಲನ್ನು ಹೊಡೆದು ಹಾಕಿಸಿ, ಹೊಲಿಯಲು ಬಂದ ಬಟ್ಟೆಗಳನ್ನು ಗಿರಾಕಿಗಳಿಗೆ ವಾಪಸು ಕೊಡುವ ಕೆಲಸ ಅಕ್ಕನದು ಎಂದು ಸೇರಿಸಿದರು.