ರೀಲ್ಸ್ ಹೊಸಬರಿಗೆ ತಲುಪುತ್ತಿಲ್ಲ

"ತೀರ್ಥಹಳ್ಳಿಯಿಂದ ಅಡುಗೆ ರೀಲ್ಸ್ ಮಾಡ್ತೀನಿ. 'ಉಪ್ಪಾಗೆ ಪುಡಿ, ತಿಂಗಳಲ್ಲಿ ಹೊಟ್ಟೆ ಕರಗುತ್ತೆ, ಬೇಕಾದವರು ಮೆಸೇಜ್ ಮಾಡಿ' ಅಂತ ಹಾಕಿದ ಮೇಲೆ ಫಾಲೋವರ್ಸ್ ಬಿಟ್ಟು ಯಾರಿಗೂ ಕಾಣ್ತಿಲ್ಲ. ಇನ್‌ಸ್ಟಾಗ್ರಾಮ್ ಶ್ಯಾಡೋಬ್ಯಾನ್ ಆಗಿದೆಯಾ?"

ಹೆಚ್ಚಾಗಿ ಆ ಸಾಲೇ ಕಾರಣ. ರೀಲ್ ನೋಡದೆ ಪೂರ್ತಿ ಖಚಿತವಾಗಿ ಹೇಳಲಾರೆ. ತೂಕ ಇಳಿಯುತ್ತದೆ ಎಂದು ಹೇಳಿ ಏನನ್ನಾದರೂ ಮಾರುವ ಪೋಸ್ಟನ್ನು ಇನ್‌ಸ್ಟಾಗ್ರಾಮ್ ತೆಗೆದುಹಾಕದೆ ಇರಬಹುದು, ಆದರೆ ಹೊಸಬರಿಗೆ ತೋರಿಸುವುದಿಲ್ಲ. ಅದಕ್ಕೇ ಫಾಲೋವರ್ಸ್‌ಗೆ ಮಾತ್ರ ಕಾಣುತ್ತಿದೆ.

ಮೊದಲು ಆ ರೀಲ್‌ನ ಇನ್‌ಸೈಟ್ಸ್ ತೆರೆದು, ಫಾಲೋವರ್ಸ್ ಅಲ್ಲದವರು ಎಷ್ಟು ಜನ ನೋಡಿದ್ದಾರೆ ಅಂತ ಹಳೆಯ ರೀಲ್ಸ್ ಜೊತೆ ಹೋಲಿಸಿ. ಒಂದೇ ರೀಲ್ ಬಿದ್ದಿದ್ದರೆ ಸುಮ್ನೆ ಜನಕ್ಕೆ ಹಿಡಿಸದೆಯೂ ಇರಬಹುದು. ಆಮೇಲಿನ ಎಲ್ಲವೂ ಬಿದ್ದಿದ್ದರೆ ಅನುಮಾನಕ್ಕೆ ಜಾಗ ಇದೆ.

ನಂತರ ಪ್ರೊಫೈಲ್‌ನ ಮೂರು ಗೆರೆ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ Account Status ಹುಡುಕಿ. ನಿಮ್ಮ ಖಾತೆಯನ್ನು ಫಾಲೋವರ್ಸ್ ಅಲ್ಲದವರಿಗೆ ಶಿಫಾರಸು ಮಾಡಬಹುದೇ, ತಡೆದಿರುವ ಪೋಸ್ಟ್ ಯಾವುದು ಎಂಬುದು ಅಲ್ಲೇ ಇರುತ್ತದೆ. ಎಲ್ಲ ಸರಿ ಇದೆ ಎಂದು ತೋರಿಸಿದರೆ ಮನವಿ ಸಲ್ಲಿಸಲು ಏನೂ ಇಲ್ಲ.

ಉಪ್ಪಾಗೆ ರೀಲ್ ಅಲ್ಲಿದ್ದರೆ, ಮರುಪರಿಶೀಲನೆ ಕೇಳಬೇಡಿ. ಮಾತು ನಿಜಕ್ಕೂ ನಿಯಮ ಮೀರಿದೆ, ಅಲ್ವಾ? ವಿಡಿಯೋದಲ್ಲೂ ಅದನ್ನೇ ಹೇಳಿದ್ದರೆ ಕ್ಯಾಪ್ಷನ್ ತಿದ್ದಿದರೆ ಸಾಲದು, ಡಿಲೀಟ್ ಮಾಡಿ. ಉಪ್ಪಾಗೆಯನ್ನು ಸಾರಿನ ಹುಳಿಯಾಗಿ ತೋರಿಸಿ ಹೊಸದಾಗಿ ಹಾಕಿ.

ಬರೀ ತಂಬುಳಿ ಮಾಡಿದ ರೀಲ್ ತಪ್ಪಾಗಿ ಸಿಕ್ಕಿಬಿದ್ದಿದ್ದರೆ ಮಾತ್ರ, ಅದನ್ನು ತೆರೆದು ಮರುಪರಿಶೀಲನೆಯ ಆಯ್ಕೆ ಒತ್ತಿ. ಉತ್ತರ ಬರುವ ತನಕ ಅದನ್ನು ಅಳಿಸಬೇಡಿ. ಫಲಿತಾಂಶವನ್ನು Account Statusನಲ್ಲೇ ನೋಡಿ. "ಶ್ಯಾಡೋಬ್ಯಾನ್ ತೆಗೆಸಿಕೊಡ್ತೀವಿ" ಎಂದು ಪಾಸ್‌ವರ್ಡ್ ಕೇಳುವವರಿಗೆ ಉತ್ತರಿಸಲೇಬೇಡಿ.